ಸಂಜೆ ಎಂದರೆ ಎಷ್ಟು ಗಂಟೆಗೆ? ಆಕ್ಷೇಪಗಳಿಗೆ ಒಂದು ಉತ್ತರ

ಗೋವಾದ ಕಟ್ಟಡ ಕೆಲಸಗಳಲ್ಲಿ ‘ಬೆಳಿಗ್ಗೆ ಬಾ’, ‘ಸಂಜೆ ಕಳಿಸ್ತೀನಿ’, ‘ನಸುಕಿಗೆ ಬರ್ತೀವಿ’ ಎಂದಷ್ಟೇ ಹೇಳಿ ಕೆಲಸ ಗೊತ್ತುಮಾಡುವುದನ್ನು ನಿಲ್ಲಿಸಬೇಕು ಎಂದು ನಾನು ಬರೆದಿದ್ದೆ. ಗಂಟೆ ಹೇಳಬೇಕು, ತಾರೀಖು ಹೇಳಬೇಕು, ಕೇಳಿದವನು ಅದನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು ಎಂಬುದು ನನ್ನ ವಾದ. ಅದಕ್ಕೆ ಫೋಂಡಾ, ಮಡಗಾಂವ್, ವಾಸ್ಕೊಗಳ ಕನ್ನಡಿಗರಿಂದಲೇ ಸಾಕಷ್ಟು ಆಕ್ಷೇಪ ಬಂದಿದೆ. ಗುತ್ತಿಗೆದಾರರು, ಮೇಸ್ತ್ರಿಗಳು, ಮನೆ ಕಟ್ಟಿಸುವವರು, ಗಾಡಿ ಓಡಿಸುವವರು ಎಲ್ಲರೂ ಇದ್ದಾರೆ. ನಾನು ವರ್ಷಗಟ್ಟಲೆ ಇಲ್ಲಿ ಕೆಲಸದ ಮೇಲುಸ್ತುವಾರಿ ನೋಡಿಕೊಂಡು ಬಂದವನು. ಅವರ ಆಕ್ಷೇಪಗಳಲ್ಲಿ ಎರಡು ಮೂರು ಗಟ್ಟಿ ಮಾತುಗಳಿವೆ, ಉಳಿದವು ಅಭ್ಯಾಸದ ಮಾತುಗಳು. ಒಂದೊಂದಾಗಿ ನೋಡೋಣ.

ಎಲ್ಲರೂ ಮೊದಲು ಹೇಳಿದ್ದು ಇದು: ‘ಸಂಜೆ ಎಂದರೆ ಯಾರಿಗೆ ಗೊತ್ತಿಲ್ಲ? ಐದು, ಐದೂವರೆ. ಮಗುವಿಗೂ ಗೊತ್ತು.’

ಯಾವ ಊರಿನ ಮಗುವಿಗೆ ಎಂದು ಕೇಳಬೇಕಾಗುತ್ತದೆ. ನಮ್ಮ ದೇಶದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ಪಣಜಿ ಇರುವುದು 74 ಡಿಗ್ರಿಗೂ ಸ್ವಲ್ಪ ಪಶ್ಚಿಮಕ್ಕೆ. ಹಾಗಾಗಿ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಮೂವತ್ತೈದು ನಿಮಿಷ ಹಿಂದೆ ನಡೆಯುತ್ತಾನೆ. ನವೆಂಬರ್ ನಡುವಿನಲ್ಲಿ ಇಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಜುಲೈ ಮೊದಲ ವಾರದಲ್ಲಿ ಏಳು ಗಂಟೆ ದಾಟಿದ ಮೇಲೂ ಬೆಳಕಿರುತ್ತದೆ. ಬೆಳಗೂ ಹಾಗೆಯೇ: ಮೇ ಕೊನೆಗೆ ಆರಕ್ಕೆಲ್ಲ ಬಿಸಿಲು ಬಿದ್ದರೆ, ಜನವರಿ ಕೊನೆಗೆ ಏಳು ಗಂಟೆಯಾದರೂ ಸೂರ್ಯ ಹುಟ್ಟಿರುವುದಿಲ್ಲ. ಹೊತ್ತು ನೋಡಿ ಸಮಯ ಹೇಳುವವನ ಮಾತು ಒಂದೇ ಊರಿನಲ್ಲಿ, ಒಂದೇ ವರ್ಷದೊಳಗೆ ಒಂದು ಗಂಟೆಗೂ ಹೆಚ್ಚು ಅತ್ತಿತ್ತ ಸರಿಯುತ್ತದೆ.

ಇನ್ನು ಕೆಲಸದ ಜಾಗಕ್ಕೆ ಬನ್ನಿ. ಅಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರ ಜೊತೆಗೆ ಒಡಿಶಾ, ಬಂಗಾಳ, ಜಾರ್ಖಂಡ್‌ನವರೂ ಇರುತ್ತಾರೆ. ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಐದು ಗಂಟೆಗೂ ಮೊದಲೇ ಸೂರ್ಯ ಮುಳುಗಿರುತ್ತಾನೆ. ಆ ಕಡೆಯಿಂದ ಹೊಸದಾಗಿ ಬಂದ ಹುಡುಗನಿಗೆ ಸಂಜೆ ಎಂದರೆ ನಾಲ್ಕೂವರೆ. ಬಾಗಲಕೋಟೆಯ ಗೌಂಡಿಗೆ ಅದು ದೀಪ ಹಚ್ಚುವ ಹೊತ್ತು. ಗೋವಾದ ಅಂಗಡಿಕಾರ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿ ಊಟ ಮಾಡಿ ಮಲಗಿ ಎದ್ದು ಮೂರೂವರೆಗೋ ನಾಲ್ಕಕ್ಕೋ ಮತ್ತೆ ತೆರೆಯುತ್ತಾನೆ. ತೆರೆದದ್ದೇ ಅವನಿಗೆ ಸಂಜೆ, ಅದು ರಾತ್ರಿ ಎಂಟರವರೆಗೂ ಹಿಗ್ಗುತ್ತದೆ. ‘ಟೈಲ್ಸ್ ಸಂಜೆ ಕಳಿಸ್ತೀನಿ’ ಎಂದು ಅವನು ಹೇಳಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಳಿಸಿಕೊಳ್ಳಬೇಕಾದ ಹುಡುಗರು ಐದೂವರೆಗೆ ಕೈಕಾಲು ತೊಳೆದು ಹೊರಟಿರುತ್ತಾರೆ, ಟೆಂಪೊ ಏಳೂಕಾಲಕ್ಕೆ ಬರುತ್ತದೆ, ಮಾಲು ರಸ್ತೆ ಬದಿಗೆ ಬೀಳುತ್ತದೆ. ಇಲ್ಲಿ ಎಲ್ಲರಿಗೂ ಸಂಜೆ ಗೊತ್ತಿತ್ತು. ಅವರವರ ಸಂಜೆ ಬೇರೆ ಬೇರೆ ಇತ್ತು, ಹಾಗೆ ಬೇರೆ ಇದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಿಳಿಯದ ಮಾತಾದರೆ ಮನುಷ್ಯ ಕೇಳಿ ತಿಳಿದುಕೊಳ್ಳುತ್ತಾನೆ. ತಿಳಿದಿದೆ ಅನ್ನಿಸುವ ಮಾತನ್ನು ಯಾರೂ ತಿರುಗಿ ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಚಿಕ್ಕದು: ‘ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಬಂದ ಮೇಲೆ ಫೋನ್ ಮಾಡಿದರಾಯಿತು.’ ಬಂದವನು ಫೋನ್ ಮಾಡಿದರೆ ಅವನು ಬಂದದ್ದು ತಿಳಿಯುತ್ತದೆ, ನಿಜ. ಬರದೇ ಇರುವವನು ಯಾವಾಗ ಬರುತ್ತಾನೆಂದು ತಿಳಿಯುವುದಿಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟಿನಲ್ಲೋ, ಲೋಂಡಾದಿಂದ ಅನಮೋಡ್ ಘಾಟಿನಲ್ಲೋ ಇಳಿದು ಬರುವ ಲಾರಿಗೆ ಕಾಡಿನ ನಡುವೆ ಬಹಳ ಹೊತ್ತು ಸಿಗ್ನಲ್ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಇತ್ತ ಇರುವವನ ಕೈಯಲ್ಲಿ ಮೊದಲೇ ಆಡಿಟ್ಟ ಒಂದು ಗಂಟೆ ಇದ್ದರೆ, ಅದು ದಾಟಿತೋ ಇಲ್ಲವೋ ನೋಡಿ ಮುಂದಿನ ವ್ಯವಸ್ಥೆ ಮಾಡಬಹುದು. ‘ಸಂಜೆ’ ಎಂದಿದ್ದರೆ ತಡವಾಯಿತು ಎಂದು ಹೇಳಲಿಕ್ಕೂ ಬರುವುದಿಲ್ಲ, ಏಕೆಂದರೆ ಎಂಟು ಗಂಟೆಗೂ ಸಂಜೆ ಮುಗಿದಿಲ್ಲ ಎಂದು ವಾದಿಸಬಹುದು.

ಮೂರನೆಯದು ಗಟ್ಟಿ ಆಕ್ಷೇಪ. ಅದನ್ನು ಎತ್ತಿದವರು ಕೆಲಸ ಬಲ್ಲ ಗುತ್ತಿಗೆದಾರರು. ‘ಕಟ್ಟಡ ಕೆಲಸ ಆಫೀಸಲ್ಲ. ಮಳೆ ಬರುತ್ತದೆ, ಕರೆಂಟ್ ಹೋಗುತ್ತದೆ, ರಸ್ತೆಯಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ. ನಾವೇ ಕೊಡಲಾಗದ ಗಂಟೆಯನ್ನು ಹೇಳಿಸಿ ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡಬೇಡಿ’ ಎಂಬುದು ಅವರ ಮಾತು. ಇದಕ್ಕೆ ಒಂದು ಕೆಲಸವನ್ನೇ ಮುಂದಿಟ್ಟು ಉತ್ತರ ಹೇಳುತ್ತೇನೆ, ಬಾಯಿಮಾತಿನ ಹೊತ್ತು ಅತಿ ಹೆಚ್ಚು ಹಾನಿ ಮಾಡುವ ಕೆಲಸವನ್ನು. ಅದು ಸ್ಲ್ಯಾಬ್ ಹಾಕುವುದು.

ಸುಮಾರು 1,200 ಚದರಡಿಯ ಮನೆಯ ತಾರಸಿ, ಐದು ಇಂಚಿನ ಸ್ಲ್ಯಾಬ್ ಎಂದುಕೊಳ್ಳಿ. ತೊಲೆಗಳನ್ನೂ ಸೇರಿಸಿದರೆ ಹದಿನೆಂಟು ಘನ ಮೀಟರಿನಷ್ಟು ಕಾಂಕ್ರೀಟ್ ಬೇಕು. ಕಲಸಿದ ಕಾಂಕ್ರೀಟ್ ಪ್ಲ್ಯಾಂಟಿನಿಂದ ಬರುವುದಾದರೆ ಆರಾರು ಘನ ಮೀಟರಿನ ಮೂರು ಗಾಡಿ. ಈ ಕೆಲಸಕ್ಕೆ ಐದು ಕಡೆಯವರು ಒಟ್ಟಿಗೆ ಸೇರಬೇಕು: ಕಾಂಕ್ರೀಟ್ ಪ್ಲ್ಯಾಂಟು, ಪಂಪಿನವರು, ಸುರಿದು ಹರಡುವ ಆಳುಗಳು, ಪೈಪು ಹಾಕುವ ಎಲೆಕ್ಟ್ರಿಶಿಯನ್, ಕಬ್ಬಿಣ ನೋಡಿ ಒಪ್ಪಿಗೆ ಕೊಡುವ ಎಂಜಿನಿಯರ್. ಒಬ್ಬೊಬ್ಬರ ಭಾಷೆ ಒಂದೊಂದು. ಮಾಲೀಕರು ಕೊಂಕಣಿಯಲ್ಲಿ ಹೇಳಿದ್ದನ್ನು ಸೂಪರ್‌ವೈಸರ್ ಹಿಂದಿಯಲ್ಲಿ ದಾಟಿಸುತ್ತಾನೆ, ಮೇಸ್ತ್ರಿ ಅದನ್ನು ಕನ್ನಡದಲ್ಲಿ ಹುಡುಗರಿಗೆ ಹೇಳುತ್ತಾನೆ.

ನನ್ನನ್ನು ಆಮೇಲೆ ಕರೆಸಿ ತೋರಿಸಿದ ಒಂದು ಮನೆಯಲ್ಲಿ ಆದದ್ದು ಹೀಗೆ. ಡಿಸೆಂಬರ್ ತಿಂಗಳು. ‘ನಾಳೆ ಬೆಳಿಗ್ಗೆ ಸ್ಲ್ಯಾಬ್, ಇವತ್ತು ಸಂಜೆ ಕಬ್ಬಿಣ ನೋಡೋದು’ ಎಂದು ಮಾತಾಗಿತ್ತು. ಎಂಜಿನಿಯರ್ ತಮ್ಮ ಸಂಜೆಗೆ, ಅಂದರೆ ಏಳರ ಸುಮಾರಿಗೆ ಬಂದರು. ಆಗಲೇ ಕತ್ತಲು. ಟಾರ್ಚ್ ಹಿಡಿದು ನೋಡಿದರೆ ಕಂಬಿಯ ಅಂತರ ಕಾಣುತ್ತದೆ, ಕೆಳಗೆ ಕವರ್ ಬ್ಲಾಕ್ ಎಲ್ಲೆಲ್ಲಿ ಕುಳಿತಿದೆ, ಎಲ್ಲಿ ಜಾರಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ‘ಬೆಳಿಗ್ಗೆ ಇನ್ನೊಮ್ಮೆ ನೋಡುತ್ತೇನೆ’ ಎಂದು ಹೋದರು. ಮೇಸ್ತ್ರಿಯ ಹುಡುಗರು ನಸುಕಿಗೆ ಐದಕ್ಕೇ ಬಂದು ಕುಳಿತರು. ಪಂಪು ಏಳಕ್ಕೆ ಬಂತು. ಎಲೆಕ್ಟ್ರಿಶಿಯನ್‌ನ ಬೆಳಿಗ್ಗೆ ಒಂಬತ್ತು ಗಂಟೆಯದು. ಎರಡು ಕೋಣೆಯ ಪೈಪು ಹಾಕುವುದು ಬಾಕಿ ಇತ್ತು. ಅಷ್ಟರಲ್ಲಿ ಮೊದಲ ಕಾಂಕ್ರೀಟ್ ಗಾಡಿ ಏಳೂವರೆಗೆ ಬಂದು ನಿಂತಿದೆ. ಪೈಪು ಇಲ್ಲದ ಭಾಗ ಬಿಟ್ಟು ಉಳಿದ ಭಾಗಕ್ಕೆ ಸುರಿದರು. ಎಂಜಿನಿಯರ್ ಎಂಟೂವರೆಗೆ ಬಂದು ಬಿಟ್ಟ ಭಾಗದ ಕಂಬಿ ನೋಡಿ, ಜಾರಿದ ಬ್ಲಾಕುಗಳನ್ನು ಸರಿ ಮಾಡಿಸಿದರು. ಎರಡನೆಯ ಗಾಡಿ ಬಿಸಿಲಿನಲ್ಲಿ ಡ್ರಮ್ಮು ತಿರುಗಿಸುತ್ತ ಕಾಯಿತು. ಮತ್ತೆ ಸುರಿಯುವುದು ಶುರುವಾದಾಗ ಹತ್ತೂವರೆ.

ಇಷ್ಟರಿಂದ ಕೆಟ್ಟದ್ದೇನು? ಸುರಿದ ಕಾಂಕ್ರೀಟ್ ಬಿಗಿಯತೊಡಗಿದ ಮೇಲೆ ಅದರ ಅಂಚಿಗೆ ಹೊಸದನ್ನು ಸುರಿದರೆ ಎರಡೂ ಒಂದಾಗಿ ಕೂಡುವುದಿಲ್ಲ. ಅದನ್ನು ಕೆಲಸದವರು ಕೋಲ್ಡ್ ಜಾಯಿಂಟ್ ಅನ್ನುತ್ತಾರೆ. ಮೇಲಿಂದ ನೋಡಿದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸದ ಒಂದು ಗೆರೆ, ಅಷ್ಟೇ. ಗೋವಾದ ಮಳೆಗಾಲ ಬಂದಾಗ ಅದೇ ಗೆರೆಯುದ್ದಕ್ಕೂ ಚಾವಣಿ ಒಳಗಿನಿಂದ ಒದ್ದೆಯಾಗುತ್ತದೆ. ಆ ಮನೆಯಲ್ಲಿ ನನಗೆ ತೋರಿಸಿದ್ದು ಅದನ್ನೇ. ಕಾದು ನಿಂತ ಗಾಡಿಯದು ಇನ್ನೊಂದು ಕಥೆ. ಸಿದ್ಧ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926ರ ಪ್ರಕಾರ ಗಾಡಿಗೆ ತುಂಬಿದ ಎರಡು ಗಂಟೆಯೊಳಗೆ ಅದನ್ನು ಇಳಿಸಿ ಮುಗಿಸಬೇಕು. ಸಮಯ ಮೀರಿದ ಕಾಂಕ್ರೀಟ್ ಗಟ್ಟಿಯಾಗಿ ಪಂಪಿನೊಳಗೆ ಹೋಗಲೊಲ್ಲದು. ಆಗ ಯಾರೋ ಒಬ್ಬರು ಡ್ರಮ್ಮಿಗೆ ನೀರು ಬಿಡುತ್ತಾರೆ. ಅದು ಸರಾಗವಾಗಿ ಹರಿಯುತ್ತದೆ, ಬಲ ಕಳೆದುಕೊಳ್ಳುತ್ತದೆ. ಇದನ್ನು ಹಿಡಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಗಾಡಿಯ ಜೊತೆ ಬರುವ ಚಲನ್‌ನಲ್ಲಿ ತುಂಬಿದ ಗಂಟೆ ನಿಮಿಷ ಅಚ್ಚಾಗಿರುತ್ತದೆ. ಮೊದಲು ಅದನ್ನು ಓದಿ, ಕೈಗಡಿಯಾರ ನೋಡಿಕೊಳ್ಳಬೇಕು.

ಈಗ ಗುತ್ತಿಗೆದಾರರ ಮಾತಿಗೆ ಬರುತ್ತೇನೆ. ಆ ದಿನ ಮಳೆ ಬಂದಿರಲಿಲ್ಲ, ಕರೆಂಟ್ ಹೋಗಿರಲಿಲ್ಲ, ರಸ್ತೆಯಲ್ಲಿ ಯಾರೂ ಸಿಕ್ಕಿಕೊಂಡಿರಲಿಲ್ಲ. ಎಲ್ಲರೂ ತಮಗೆ ತಿಳಿದಂತೆ ಸಮಯಕ್ಕೇ ಬಂದಿದ್ದರು. ಪ್ರಕೃತಿಯ ಮೇಲೆ ಹಾಕುವ ಎಷ್ಟೋ ತಪ್ಪುಗಳು ಹೀಗೆ ಮಾತಿನಿಂದ ಆದವು.

ಅದೇ ಸ್ಲ್ಯಾಬನ್ನು ಗಂಟೆ ಹಿಡಿದು ಮಾಡುವುದು ಹೇಗೆ? ಒಂದು ಅಲುಗದ ಗಂಟೆಯನ್ನು ಹಿಡಿದು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಕಾಂಕ್ರೀಟ್ ಬೀಳುವುದು ಶನಿವಾರ ಬೆಳಿಗ್ಗೆ 7.00ಕ್ಕೆ ಎನ್ನೋಣ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದದ ನಿಯಮ ಬಿಗಿಯಾಗಿರುವುದರಿಂದ ಆರಕ್ಕೂ ಮೊದಲು ಪಂಪು ಶುರುಮಾಡುವ ಮಾತೇ ಬೇಡ. ಪ್ಲ್ಯಾಂಟಿನಿಂದ ದಾರಿ ಮುಕ್ಕಾಲು ಗಂಟೆಯಾದರೆ ಮೊದಲ ಗಾಡಿ 6.10ಕ್ಕೆ ಹೊರಡಬೇಕು. ಪಂಪು ನಿಲ್ಲಿಸಿ ಪೈಪು ಜೋಡಿಸಲು ಸುಮಾರು ಒಂದು ಗಂಟೆ ಬೇಕು, ಆದ್ದರಿಂದ ಪಂಪಿನ ಗಾಡಿ 6.00ಕ್ಕೆ ಗೇಟಿನಲ್ಲಿರಬೇಕು. ಆಳುಗಳು 6.30ಕ್ಕೆ ಬಂದರೆ ಸಾಕು, ಐದಕ್ಕೆ ಬಂದು ಕೂರುವ ಅಗತ್ಯವಿಲ್ಲ. ಎಲೆಕ್ಟ್ರಿಶಿಯನ್ ಕೆಲಸ ಶುಕ್ರವಾರ ಮಧ್ಯಾಹ್ನ 3.00ಕ್ಕೆ ಮುಗಿದಿರಬೇಕು. ಎಂಜಿನಿಯರ್ ಶುಕ್ರವಾರ 4.00ಕ್ಕೆ ಬಂದರೆ ಡಿಸೆಂಬರ್‌ನಲ್ಲೂ ಎರಡು ಗಂಟೆ ಬೆಳಕು ಸಿಗುತ್ತದೆ. ತಪ್ಪು ಸಿಕ್ಕರೆ ತಿದ್ದಲೂ ಸಮಯವಿದೆ. ಎರಡನೆಯ ಗಾಡಿ ಮೊದಲನೆಯದರ ನಲವತ್ತು ನಿಮಿಷದ ಹಿಂದೆ, ಮೂರನೆಯದು ಅದರ ನಲವತ್ತು ನಿಮಿಷದ ಹಿಂದೆ ಹೊರಟರೆ, ಬಿಸಿಲು ಏರುವ ಮೊದಲೇ ಒಂಬತ್ತೂವರೆಯೊಳಗೆ ಸುರಿಯುವುದು ಮುಗಿಯುತ್ತದೆ.

ಮಳೆ, ರಸ್ತೆ, ಕರೆಂಟಿನ ವಿಷಯ ಇಲ್ಲಿ ಬರುತ್ತದೆ. ಆರು ಗಂಟೆಗೆ ಖಂಡಿತ ಬರುತ್ತೇನೆ ಎನ್ನಲಾಗದವನಿಗೆ ನಾನು ಆರು ಗಂಟೆಯನ್ನು ಹೇಳಿಸುವುದಿಲ್ಲ. ‘ಐದಕ್ಕಿಂತ ಮೊದಲಿಲ್ಲ, ಆರಕ್ಕಿಂತ ಆಚೆ ಇಲ್ಲ, ಆರಕ್ಕೆ ಆಗದಿದ್ದರೆ ಐದೂವರೆಯೊಳಗೆ ಫೋನ್ ಮಾಡುತ್ತೇನೆ’ ಎಂದು ಹೇಳಿಸುತ್ತೇನೆ. ಇದರಲ್ಲಿ ಅವನು ಕೊಡಲಾಗದ ಮಾತು ಯಾವುದೂ ಇಲ್ಲ. ಬರುವ ಗಂಟೆ ತಿಳಿಯದಿದ್ದರೂ, ತಿಳಿಸುವ ಗಂಟೆಯನ್ನಂತೂ ಯಾರಾದರೂ ಹೇಳಬಹುದು. ಪಂಪಿನವನು ಐದೂವರೆಯೊಳಗೆ ‘ಆಗುವುದಿಲ್ಲ’ ಎಂದು ತಿಳಿಸಿದರೆ ಪ್ಲ್ಯಾಂಟಿನಲ್ಲಿ ಇನ್ನೂ ಕಾಂಕ್ರೀಟ್ ಕಲಸಿರುವುದಿಲ್ಲ, ನಿಲ್ಲಿಸಬಹುದು. ಗಾಡಿ ಹೊರಟ ಮೇಲೆ ತಿಳಿದರೆ ಏನೂ ಮಾಡುವಂತಿಲ್ಲ. ಆದ್ದರಿಂದ ಆ ಐದೂವರೆ, ಆರು ಗಂಟೆಗಿಂತಲೂ ಮುಖ್ಯವಾದ ಗಂಟೆ.

ಮಳೆಯ ಮುಂದೆ ಗಡಿಯಾರ ನಡೆಯುವುದಿಲ್ಲ ಎನ್ನುವವರು ಕೊಂಕಣ ರೈಲ್ವೆಯನ್ನು ನೋಡಲಿ. ಬೆಟ್ಟ ಕೊರೆದು ಹಾಕಿದ ಆ ದಾರಿಯಲ್ಲಿ ಮಳೆಗಾಲಕ್ಕೆ ಗಾಡಿಗಳ ವೇಗ ಇಳಿಸಬೇಕಾಗುತ್ತದೆ. ಹಾಗೆಂದು ‘ಮಳೆಗಾಲದಲ್ಲಿ ಗಾಡಿ ಸ್ವಲ್ಪ ತಡ’ ಎಂದು ಅವರು ಬೋರ್ಡ್ ಹಾಕುವುದಿಲ್ಲ. ಪ್ರತಿ ವರ್ಷ ಜೂನ್‌ನಿಂದ ಮಳೆಗಾಲದ್ದೇ ಬೇರೆ ವೇಳಾಪಟ್ಟಿ ಅಚ್ಚು ಮಾಡುತ್ತಾರೆ, ಒಂದೊಂದು ನಿಲ್ದಾಣದ ಗಂಟೆ ನಿಮಿಷ ಬದಲಾಗುತ್ತದೆ. ಮಡಗಾಂವ್‌ನಲ್ಲಿ ‘ಬೆಳಗಿನ ಗಾಡಿ’ ಎಂದು ರೂಢಿಯಲ್ಲಿ ಕರೆಯುವ ಗಾಡಿಗೆ ಏಪ್ರಿಲ್‌ನ ನೆನಪಿನಲ್ಲಿ ಜುಲೈನಲ್ಲಿ ಹೋದವನು ಪೇಚಿಗೆ ಬೀಳುವುದು ಇದೇ ಕಾರಣಕ್ಕೆ.

ನಾಲ್ಕನೆಯ ಮಾತು ಒಬ್ಬ ಹಿರಿಯರದು. ‘ನಮ್ಮ ಅಜ್ಜಂದಿರು ಗಡಿಯಾರ ಕಟ್ಟಿಕೊಂಡಿರಲಿಲ್ಲ. ಹೊತ್ತು ನೋಡಿ ಬಿತ್ತಿದರು, ಬೆಳೆದರು, ಮದುವೆ ಮಾಡಿದರು. ಗಂಟೆ ನಿಮಿಷ ಪರಕೀಯರು ತಂದದ್ದು’ ಎಂದು ನೋವಿನಿಂದ ಬರೆದಿದ್ದಾರೆ. ಅವರ ನೋವಿಗೆ ಗೌರವ ಕೊಟ್ಟೇ ಹೇಳುತ್ತೇನೆ: ನಮ್ಮ ಹಿರಿಯರನ್ನು ಅವರು ಕಡಿಮೆ ಅಂದಾಜು ಮಾಡಿದ್ದಾರೆ. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಘಳಿಗೆ, ಎರಡು ಘಳಿಗೆಗೆ ಒಂದು ಮುಹೂರ್ತ, ಮೂರು ಗಂಟೆಗೆ ಒಂದು ಜಾವ ಎಂದು ಅಳೆದವರು ಅವರು. ತೂತಿನ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗಿದ್ದನ್ನು ನೋಡಿ ಘಳಿಗೆ ಎಣಿಸಿದವರು. ಈಗಲೂ ಲಗ್ನಪತ್ರಿಕೆಯಲ್ಲಿ ಯಾರೂ ‘ಬೆಳಿಗ್ಗೆ ತಾಳಿ ಕಟ್ಟುವುದು’ ಎಂದು ಅಚ್ಚು ಹಾಕಿಸುವುದಿಲ್ಲ. ಗಂಟೆ, ನಿಮಿಷ, ಲಗ್ನ ಸಹಿತ ಹಾಕಿಸುತ್ತಾರೆ. ರಾಹುಕಾಲವನ್ನು ಸರಿಯಾಗಿ ಲೆಕ್ಕ ಹಾಕುವವರು ಆ ಊರಿನ ಸೂರ್ಯೋದಯ ಹಿಡಿದು ಹಗಲನ್ನು ಎಂಟು ಪಾಲು ಮಾಡುತ್ತಾರೆ. ಹೊಲದಲ್ಲಿ ಒಬ್ಬನೇ ದುಡಿಯುವಾಗ, ಎಲ್ಲರೂ ಒಂದೇ ಊರಿನವರಾಗಿದ್ದಾಗ ಹೊತ್ತು ನೋಡಿದರೆ ಸಾಕಾಗುತ್ತಿತ್ತು. ಹಲವರು ಒಂದೇ ಗಳಿಗೆಗೆ ಕೂಡಬೇಕಾದಲ್ಲಿ ಅವರೂ ಅಳತೆಯನ್ನೇ ನೆಚ್ಚಿದರು.

ಇಲ್ಲಿನ ಮೀನುಗಾರರ ಮಾತೂ ಇದೇ. ಸಮುದ್ರಕ್ಕೆ ಗಡಿಯಾರವಿಲ್ಲ ಅನ್ನುತ್ತೇವೆ. ಆದರೆ ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ನೀರೇರಿದ್ದರೆ ಗುರುವಾರ ಎಂಟೂವರೆಗೆ. ‘ಬೆಳಗಿನ ಭರತ’ ಎಂದಷ್ಟೇ ನಂಬಿ ಆಳವಿಲ್ಲದ ಅಳಿವೆಯಲ್ಲಿ ದೋಣಿ ಬಿಟ್ಟವನು ಮರಳಿನಲ್ಲಿ ಕೂರುತ್ತಾನೆ. ಅದಕ್ಕಾಗಿಯೇ ಮುರ್ಮುಗೋವಾ ಬಂದರಿನ ಭರತ ಇಳಿತಗಳನ್ನು ಗಂಟೆ ನಿಮಿಷ ಸಹಿತ ವರ್ಷಕ್ಕೆ ಮೊದಲೇ ಲೆಕ್ಕ ಹಾಕಿ ಪಟ್ಟಿಯಲ್ಲಿ ಕೊಡುತ್ತಾರೆ.

ಐದನೆಯ ಆಕ್ಷೇಪ ನನಗೆ ಹಿಡಿಸಿತು, ಏಕೆಂದರೆ ಅದು ಅನುಭವದಿಂದ ಬಂದದ್ದು. ಬಾಡಿಗೆ ಕಾರು ಓಡಿಸುವ ಧಾರವಾಡ ಕಡೆಯ ಒಬ್ಬರು ಹೇಳಿದರು: ‘ಗಂಟೀನ ಹೇಳಿದ್ರೂ ತಪ್ತದರೀ. ಹಂಗಾರ ಗಂಟಿ ಹೇಳಿ ಏನ್ ಉಪಯೋಗ?’ ಅವರ ಮಾತು ನಿಜ. ಗಂಟೆ ಹೇಳಿದರೂ ತಪ್ಪುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ನಡುರಾತ್ರಿ. ನಮ್ಮ ಮನಸ್ಸಿನಲ್ಲಿ ದಿನ ಬದಲಾಗುವುದು ಬೆಳಗಾದಾಗ. ರೈಲಿಗೆ, ವಿಮಾನಕ್ಕೆ ದಿನ ಬದಲಾಗುವುದು ರಾತ್ರಿ ಹನ್ನೆರಡಕ್ಕೆ. ‘14ನೇ ತಾರೀಖು ರಾತ್ರಿ ಹನ್ನೆರಡೂ ನಲವತ್ತರ ಗಾಡಿ’ ಎಂದು ನಾವು ಹೇಳುವ ಗಾಡಿಯ ಟಿಕೆಟ್ಟಿನಲ್ಲಿ 15, 00.40 ಎಂದಿರುತ್ತದೆ. 15 ಎಂದು ನೋಡಿ 15ರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೋದ ಕುಟುಂಬಕ್ಕೆ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಇದಕ್ಕೆ ಮದ್ದು ಎರಡು ವಾರಗಳ ಹೆಸರನ್ನೂ ಹೇಳುವುದು: ‘ಶುಕ್ರವಾರ ರಾತ್ರಿ ಮುಗಿದು ಶನಿವಾರ ಬೆಳಗಾಗುವ ನಡುವೆ, 12.40ಕ್ಕೆ.’ ಉದ್ದವಾಯಿತು ಅನ್ನಿಸಬಹುದು. ಇದಕ್ಕಿಂತ ಗಿಡ್ಡದಾದದ್ದು ಯಾವುದೂ ಅಜ್ಜಿಯಿಂದ ಡ್ರೈವರ್‌ವರೆಗೆ ಎಲ್ಲರಿಗೂ ಒಂದೇ ಅರ್ಥ ಕೊಡುವುದನ್ನು ನಾನು ಕಂಡಿಲ್ಲ.

ಎರಡು, ಯಾವ ಕೆಲಸದ ಗಂಟೆ ಎಂದು ಹೇಳದಿರುವುದು. 2023ರ ಜನವರಿಯಿಂದ ಗೋವಾದಲ್ಲಿ ಎರಡು ವಿಮಾನ ನಿಲ್ದಾಣಗಳಿವೆ, ದಕ್ಷಿಣಕ್ಕೆ ದಾಬೋಳಿ, ಉತ್ತರದ ತುದಿಗೆ ಮೋಪಾ. ಮಡಗಾಂವ್‌ನಿಂದ ಮೋಪಾಗೆ ಒಂದೂವರೆ ಗಂಟೆಯಾದರೂ ದಾರಿ. ‘ನಾಳೆ ಐದು ಗಂಟೆಗೆ ಏರ್‌ಪೋರ್ಟ್’ ಎಂದರೆ ವಿಮಾನ ಏಳುವುದು ಐದಕ್ಕೋ, ನಿಲ್ದಾಣದ ಬಾಗಿಲಲ್ಲಿ ಇಳಿಯುವುದು ಐದಕ್ಕೋ, ಮನೆಯಿಂದ ಹೊರಡುವುದು ಐದಕ್ಕೋ? ಮೂರಕ್ಕೂ ಮೂರು ಬೇರೆ ಉತ್ತರ. ಡ್ರೈವರ್‌ಗೆ ಬೇಕಾದದ್ದು ಒಂದೇ, ಮನೆಯ ಮುಂದೆ ಕಾರು ಎಷ್ಟಕ್ಕೆ ನಿಲ್ಲಬೇಕು ಎಂಬುದು.

ಮೂರನೆಯದು ಭಾಷೆ ದಾಟುವಾಗ ಆಗುವ ತಪ್ಪು. ಹಿಂದಿಯಲ್ಲಿ ‘ಪೌನೆ ಛೇ’ ಎಂದರೆ 5.45. ಬೆಳಗಾವಿ, ವಿಜಯಪುರದವರಿಗೆ ಇದು ಪರಿಚಿತ. ದಕ್ಷಿಣದ ಜಿಲ್ಲೆಗಳಿಂದ ಬಂದವರು ‘ಮುಕ್ಕಾಲು’ ಮತ್ತು ‘ಆರು’ ಎರಡನ್ನೂ ಹಿಡಿದು ‘ಆರು ಮುಕ್ಕಾಲು’ ಎಂದುಕೊಳ್ಳುತ್ತಾರೆ, ಅಂದರೆ 6.45. ಒಂದು ಗಂಟೆ ಅಲ್ಲೇ ಹೋಯಿತು. ಆದ್ದರಿಂದ ಬೇರೆ ಭಾಷೆಯವನೊಡನೆ ಕಾಲು, ಅರೆ, ಮುಕ್ಕಾಲು ಬಿಟ್ಟು ಐದು ನಲವತ್ತೈದು ಎಂದು ಅಂಕಿಯಲ್ಲೇ ಹೇಳಬೇಕು, ಸಾಧ್ಯವಾದರೆ ಬರೆದೇ ಕಳಿಸಬೇಕು.

ಈ ಮೂರನ್ನೂ ಹಿಡಿಯುವುದು ತಿರುಗಿ ಹೇಳಿಸುವುದರಿಂದ ಮಾತ್ರ. ಅದನ್ನು ಮಾಡುವ ರೀತಿಯೂ ಇದೆ. ‘ತಿಳೀತಿಲ್ಲೋ?’ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಹೂಂ ರೀ’. ಅದರಿಂದ ಏನೂ ತಿಳಿಯುವುದಿಲ್ಲ. ‘ಶನಿವಾರ ಎಷ್ಟು ಗಂಟೆಗೆ ಎಲ್ಲಿ ಇರ್ತೀರಿ ಮೇಸ್ತ್ರಿ?’ ಎಂದು ಕೇಳಬೇಕು. ‘ಸಾಡೇ ಆರಕ್ಕ ಗೇಟಿನ ಕಡೆ ಇರ್ತೀವ್ರಿ ಸಾಹೇಬ್ರ, ಹತ್ತು ಮಂದಿ’ ಎಂದು ಅವನು ಹೇಳಿದರೆ ಕೆಲಸ ಗೊತ್ತಾಯಿತು. ‘ನಸಿಕಿನ್ಯಾಗ ಬರ್ತೀವ್ರಿ’ ಎಂದರೆ ಇನ್ನೂ ಗೊತ್ತಾಗಿಲ್ಲ, ಮತ್ತೆ ಕೇಳಬೇಕು. ನಾನು ಕಂಡಂತೆ ತಪ್ಪುಗಳಲ್ಲಿ ಬಹುಪಾಲು ಈ ಎರಡನೆಯ ಪ್ರಶ್ನೆಯಲ್ಲೇ ಬಯಲಿಗೆ ಬೀಳುತ್ತವೆ, ಕೆಲಸ ಶುರುವಾಗುವ ಹಿಂದಿನ ದಿನವೇ.

ಕೊನೆಗೆ ಉಳಿದದ್ದು, ಹಲವರು ಹಲವು ರೀತಿ ಹೇಳಿದ ಮಾತು: ‘ಹೀಗೆ ಗಂಟೆ ಕೇಳುವುದು, ತಿರುಗಿ ಹೇಳಿಸುವುದು ಅಪನಂಬಿಕೆಯ ಲಕ್ಷಣ. ನಮ್ಮ ನಮ್ಮಲ್ಲಿ ವಿಶ್ವಾಸ ಸಾಕು.’ ಒಬ್ಬ ಗುತ್ತಿಗೆದಾರರು ಇನ್ನೂ ಮುಂದೆ ಹೋಗಿ, ಹುಡುಗರು ಸ್ವಲ್ಪ ಹೊತ್ತು ಕಾದರೆ ಏನು ನಷ್ಟ ಎಂದು ಕೇಳಿದ್ದಾರೆ.

ವಿಶ್ವಾಸದ ಮಾತು ಸಮಾನರ ನಡುವೆ ನಡೆಯುತ್ತದೆ. ಗೆಳೆಯ ‘ಸಂಜೆ ಬರ್ತೀನಿ’ ಅಂದರೆ ನಾನೂ ಗಂಟೆ ಕೇಳುವುದಿಲ್ಲ. ಅವನು ಏಳಕ್ಕೆ ಬಂದರೂ ಎಂಟಕ್ಕೆ ಬಂದರೂ ಮನೆಯಲ್ಲಿ ಚಹಾ ಇರುತ್ತದೆ. ಕೆಲಸದ ಜಾಗದಲ್ಲಿ ಗೊತ್ತಿಲ್ಲದ ಹೊತ್ತಿನ ಹೊರೆ ಯಾವಾಗಲೂ ಕೆಳಗಿನವನ ತಲೆಯ ಮೇಲೆ ಬೀಳುತ್ತದೆ. ಸಾಹೇಬರು ‘ಬೆಳಿಗ್ಗೆ’ ಎಂದಾಗ ‘ಎಷ್ಟಕ್ಕೆ ಸಾಹೇಬ್ರ?’ ಎಂದು ಕೇಳುವ ಧೈರ್ಯ ದಿನಗೂಲಿಯ ಹುಡುಗನಿಗೆ ಇರುವುದಿಲ್ಲ. ಕೇಳಿದರೆ ಎದುರು ಮಾತಾಡಿದಂತೆ ಆದೀತು, ತಡವಾದರೆ ನಾಳೆಯ ಹಾಜರಿ ತಪ್ಪೀತು ಎಂದು ಅವನು ಎಲ್ಲಕ್ಕಿಂತ ಮೊದಲಿನ ಹೊತ್ತಿಗೆ, ಐದಕ್ಕೇ ಬರುತ್ತಾನೆ. ಅವನ ಹೆಂಡತಿ ಮೂರೂವರೆಗೆ ಎದ್ದು ರೊಟ್ಟಿ ಬಡಿದಿರುತ್ತಾಳೆ. ಆದ್ದರಿಂದ ಗಂಟೆ ಹೇಳುವ ಹೊಣೆ ಕೇಳುವವನದಲ್ಲ, ಕರೆಯುವವನದು. ತಿರುಗಿ ಹೇಳಿಸುವುದೂ ಅವನನ್ನು ಪರೀಕ್ಷಿಸಲು ಅಲ್ಲ, ನಾನು ಹೇಳಿದ್ದು ಸರಿಯಾಗಿ ಮುಟ್ಟಿತೋ ಎಂದು ನನ್ನ ಮಾತನ್ನು ನಾನೇ ನೋಡಿಕೊಳ್ಳಲು. ‘ನಾ ಸರಿಯಾಗಿ ಹೇಳಿದ್ನೋ ಇಲ್ಲೋ, ನೀವೊಮ್ಮೆ ಹೇಳ್ರಿ ಮೇಸ್ತ್ರಿ’ ಎಂದು ಕೇಳಿದರೆ ಯಾರಿಗೂ ಅವಮಾನವಾದದ್ದನ್ನು ನಾನು ನೋಡಿಲ್ಲ.

ಆ ಡಿಸೆಂಬರಿನ ಸ್ಲ್ಯಾಬಿನಲ್ಲಿ ಐದಕ್ಕೆ ಬಂದ ಹುಡುಗರು ಏಳೂವರೆಯವರೆಗೆ ಕಾದರು. ನಡುವೆ ಕೆಲಸ ನಿಂತಾಗ ಮತ್ತೆ ಕಾದರು. ಮುಗಿಸಿ ಕೈ ತೊಳೆದದ್ದು ಮಧ್ಯಾಹ್ನ ದಾಟಿದ ಮೇಲೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಒಂದು ದಿನ ಎಂದು ಬಿತ್ತು. ಕಾದ ಹೊತ್ತು ಎಲ್ಲಿಯೂ ಬರಲಿಲ್ಲ. ಕಾದರೆ ಏನು ನಷ್ಟ ಎಂದು ಕೇಳಿದ ಗುತ್ತಿಗೆದಾರರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸ್ಲ್ಯಾಬಿಗೆ ಹಾಜರಿ ಪುಸ್ತಕದಲ್ಲಿ ಎರಡು ಕಾಲಂ ಹೆಚ್ಚು ಎಳೆಯಿರಿ: ಎಷ್ಟು ಗಂಟೆಗೆ ಬರಲು ಹೇಳಿದ್ದು, ಎಷ್ಟು ಗಂಟೆಗೆ ಕೆಲಸ ಕೊಟ್ಟಿದ್ದು. ಎರಡರ ನಡುವಿನ ಹೊತ್ತಿಗೆ ಕೂಲಿ ಕೊಡಿ. ಮೊದಲ ಕಾಲಮ್ಮಿನಲ್ಲಿ ‘ಬೆಳಿಗ್ಗೆ’ ಎಂದು ಬರೆದರೆ ಕೂಲಿಯ ಲೆಕ್ಕ ಹಾಕಲು ಬರುವುದಿಲ್ಲ. ಅಲ್ಲಿ ಗಂಟೆಯನ್ನೇ ಬರೆಯಬೇಕಾಗುತ್ತದೆ.